ಜನವರಿಯ ಖರ್ಚು ಯಾವ ಸಾಲಿನದು?

ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಲಿಫ್ಟಿನ ವಾರ್ಷಿಕ ನಿರ್ವಹಣೆಯ ಹಣವನ್ನು ಸಂಘ ಪ್ರತಿ ಜನವರಿಯಲ್ಲಿ ಕಟ್ಟುತ್ತದೆ. 2024ರ ಜನವರಿ 20ರಂದು 45,000 ರೂಪಾಯಿ ಕಟ್ಟಿದೆ, 2025ರ ಜನವರಿ 20ರಂದು 48,000 ರೂಪಾಯಿ. ಮಹಾಸಭೆಗೆ 2024-25ನೇ ಸಾಲಿನ ಲೆಕ್ಕ ಸಿದ್ಧ ಮಾಡುವ ಖಜಾಂಚಿ ಎಕ್ಸೆಲ್ ಶೀಟಿನಲ್ಲಿ 2024 ಎಂಬ ಇಸವಿಯನ್ನು ಆರಿಸಿ ಮೊತ್ತ ತೆಗೆದರೆ ಲಿಫ್ಟಿನ ಮುಂದೆ 45,000 ಬರುತ್ತದೆ. ಆದರೆ ಆ ಹಣ ಹಿಂದಿನ ಸಾಲಿನದು. ಈ ಸಾಲಿಗೆ ಸೇರಬೇಕಾದದ್ದು 48,000.

ಕೂಡುವುದರಲ್ಲಿ ತಪ್ಪಿಲ್ಲ. ಕಂಪ್ಯೂಟರು ಇಸವಿಯನ್ನು ಜನವರಿಯಿಂದ ಎಣಿಸುತ್ತದೆ, ನಮ್ಮ ಲೆಕ್ಕಪತ್ರ ಏಪ್ರಿಲ್‌ನಿಂದ ಎಣಿಸುತ್ತದೆ. ಹಾಗಾಗಿ ಪ್ರತಿ ದಿನಾಂಕದ ಪಕ್ಕದಲ್ಲೂ ಅದು ಯಾವ ಆರ್ಥಿಕ ವರ್ಷಕ್ಕೆ ಸೇರಿದ್ದೆಂಬ ಗುರುತು ಬೇಕಾಗುತ್ತದೆ. ಕೈಯಿಂದ ಬರೆದರೆ ನೂರಾರು ಸಾಲುಗಳಲ್ಲಿ ಒಂದಾದರೂ ತಪ್ಪುತ್ತದೆ. ದಿನಾಂಕದಿಂದಲೇ ಆ ಗುರುತು ಹುಟ್ಟುವಂತೆ ಮಾಡುವುದು ಒಳ್ಳೆಯದು.

ಈ ಏಪ್ರಿಲ್ ಲೆಕ್ಕ ಬ್ರಿಟಿಷರ ಕಾಲದ್ದು. 1867ಕ್ಕೆ ಮುಂಚೆ ಇಲ್ಲಿನ ಸರ್ಕಾರದ ಹಣಕಾಸು ವರ್ಷ ಮೇ 1ರಿಂದ ಏಪ್ರಿಲ್ 30ರವರೆಗೆ ಇತ್ತು. ಬ್ರಿಟನ್ ಸರ್ಕಾರದ ವರ್ಷಕ್ಕೆ ಹೊಂದಿಕೆಯಾಗಲೆಂದು 1867ರಲ್ಲಿ ಅದನ್ನು ಏಪ್ರಿಲ್ 1ಕ್ಕೆ ತಂದರು. ಆಮೇಲೆ 1897ರ ಜನರಲ್ ಕ್ಲಾಸಸ್ ಕಾಯ್ದೆ, ಆರ್ಥಿಕ ವರ್ಷವೆಂದರೆ ಏಪ್ರಿಲ್ 1ರಂದು ಶುರುವಾಗುವ ವರ್ಷ ಎಂದು ಬರೆದಿಟ್ಟಿತು. ಕರ್ನಾಟಕದ ಆಯವ್ಯಯವೂ ಹಾಲಿನ ಸೊಸೈಟಿಯ ಲೆಕ್ಕವೂ ಇಂದಿಗೂ ನಡೆಯುವುದು ಇದೇ ಎಣಿಕೆಯಲ್ಲಿ.

ಮೂರು ತಿಂಗಳ ನಿಯಮ

ನಿಯಮ ಸರಳ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳು, ಇಸವಿ ಯಾವುದೋ ಸಾಲು ಶುರುವಾಗುವುದೂ ಅದರಿಂದಲೇ. ಜನವರಿ, ಫೆಬ್ರವರಿ, ಮಾರ್ಚ್ ಈ ಮೂರು ತಿಂಗಳಲ್ಲಿ ಮಾತ್ರ ಇಸವಿಯಿಂದ ಒಂದು ಕಳೆಯಬೇಕು. ದಿನಾಂಕ A2 ಎಂಬ ಮನೆಯಲ್ಲಿದ್ದರೆ, ಸಾಲು ಶುರುವಾದ ಇಸವಿಯನ್ನು B2ನಲ್ಲಿ ಹೀಗೆ ಪಡೆಯಬಹುದು:

```
=IF(MONTH(A2)<4, YEAR(A2)-1, YEAR(A2))
```

ತಿಂಗಳ ಸಂಖ್ಯೆ ನಾಲ್ಕಕ್ಕಿಂತ ಕಡಿಮೆಯಿದ್ದರೆ ಇಸವಿಯಲ್ಲಿ ಒಂದು ಕಳೆ, ಇಲ್ಲದಿದ್ದರೆ ಹಾಗೆಯೇ ಬಿಡು ಎಂಬುದು ಇದರ ಅರ್ಥ. 2025ರ ಜನವರಿ 20ನ್ನು ಕೊಟ್ಟರೆ ತಿಂಗಳು 1, ಆದ್ದರಿಂದ 2024 ಬರುತ್ತದೆ. ಇನ್ನು ನಾವು ಓದಿ ರೂಢಿಯಾದ 2024-25 ಎಂಬ ರೂಪಕ್ಕೆ C2ನಲ್ಲಿ ಇಷ್ಟು ಸಾಕು:

```
=B2&"-"&RIGHT(B2+1,2)
```

ಇಲ್ಲಿ RIGHT ಮುಂದಿನ ಇಸವಿಯ ಕೊನೆಯ ಎರಡು ಅಂಕಿಗಳನ್ನು ಎತ್ತಿಕೊಡುತ್ತದೆ. ಶತಮಾನ ತಿರುಗುವ ಕಡೆಯೂ ಇದು ಎಡವುವುದಿಲ್ಲ. 1999ಕ್ಕೆ 1999-00 ಎಂದೂ 2008ಕ್ಕೆ 2008-09 ಎಂದೂ ಸರಿಯಾಗಿ ಬರುತ್ತದೆ. ಎರಡೂ ಸೂತ್ರಗಳು ಗೂಗಲ್ ಶೀಟ್ಸ್‌ನಲ್ಲೂ ಹೀಗೆಯೇ ಕೆಲಸ ಮಾಡುತ್ತವೆ. ಹಣ D ಕಾಲಮಿನಲ್ಲಿದ್ದರೆ ಒಂದು ಸಾಲಿನ ಒಟ್ಟು ಮೊತ್ತ ಹೀಗೆ ಸಿಗುತ್ತದೆ:

```
=SUMIF(C:C,"2024-25",D:D)
```

ಲಿಫ್ಟಿನ ಎರಡು ಪಾವತಿಗಳಲ್ಲಿ ಈಗ 48,000 ಮಾತ್ರ ಈ ಮೊತ್ತಕ್ಕೆ ಬರುತ್ತದೆ.

ಮೂರು ತಿಂಗಳ ಬದಲು ದಿನಾಂಕದಿಂದ 90 ದಿನ ಕಳೆದು, ಸಿಕ್ಕ ದಿನದ ಇಸವಿ ತೆಗೆದುಕೊಳ್ಳುವ ಅಡ್ಡದಾರಿಯೊಂದಿದೆ. ಜನವರಿ 31, ಫೆಬ್ರವರಿ 28, ಮಾರ್ಚ್ 31 ದಿನ ಕೂಡಿದರೆ 90 ಆಗುವುದರಿಂದ ಮೂರು ವರ್ಷ ಇದು ಸರಿಯಾಗಿಯೇ ಉತ್ತರ ಕೊಡುತ್ತದೆ. ಅಧಿಕ ವರ್ಷದಲ್ಲಿ ಫೆಬ್ರವರಿಗೆ 29 ದಿನ. 2024ರ ಮಾರ್ಚ್ 31 ಆ ವರ್ಷದ 91ನೇ ದಿನವಾಗಿತ್ತು. ಅದರಿಂದ 90 ಕಳೆದರೆ 2024ರ ಜನವರಿ 1ಕ್ಕೆ ಬಂದು ನಿಲ್ಲುತ್ತೇವೆ, 2023ಕ್ಕೆ ತಲುಪುವುದೇ ಇಲ್ಲ. ವರ್ಷಾಂತ್ಯದ ಬಡ್ಡಿ, ಕೊನೆಯ ಬಿಲ್ಲು ಎಲ್ಲ ಬಂದು ಬೀಳುವ ಅದೇ ದಿನದ ವ್ಯವಹಾರ ಮುಂದಿನ ಸಾಲಿಗೆ ಜಾರಿಹೋಗುತ್ತದೆ. ದಿನ ಎಣಿಸಬೇಡಿ, ತಿಂಗಳು ನೋಡಿ.

ದಿನಾಂಕವೇ ದಿನಾಂಕವಾಗಿಲ್ಲದಿದ್ದರೆ

ಸೂತ್ರ ಸರಿಯಿದ್ದೂ ಗುರುತು ತಪ್ಪಾದರೆ ಹೆಚ್ಚಾಗಿ ದೋಷ A ಕಾಲಮಿನಲ್ಲೇ ಇರುತ್ತದೆ. ಎಕ್ಸೆಲ್‌ಗೆ ದಿನಾಂಕವೆಂದರೆ ಒಂದು ಸಂಖ್ಯೆ. 2025ರ ಮಾರ್ಚ್ 31 ಅದರ ಒಳಗೆ 45747, ಮರುದಿನ 45748. ಸಂಖ್ಯೆಯಾದ್ದರಿಂದ ಅದು ಮನೆಯ ಬಲಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ನೋಡಲು ದಿನಾಂಕದಂತಿದ್ದರೂ ಬರಿಯ ಅಕ್ಷರಗಳಾಗಿ ಉಳಿದದ್ದು ಎಡಕ್ಕೆ ನಿಲ್ಲುತ್ತದೆ. ಬ್ಯಾಂಕಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟಿನಲ್ಲಿ ಎರಡೂ ಬೆರೆತಿರುವುದು ಅಪರೂಪವಲ್ಲ.

ಇದಕ್ಕಿಂತ ಅಪಾಯದ್ದು ದಿನ ಮತ್ತು ತಿಂಗಳು ಅದಲುಬದಲಾಗುವುದು. ನಾವು ದಿನವನ್ನು ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳನ್ನು. ಕಂಪ್ಯೂಟರು ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ 04/03/2025 ಎಂಬ ನಮ್ಮ ಮಾರ್ಚ್ 4 ಏಪ್ರಿಲ್ 3 ಆಗಿಬಿಡುತ್ತದೆ, 2024-25ನೇ ಸಾಲಿನ ಖರ್ಚು 2025-26ಕ್ಕೆ ಹೋಗುತ್ತದೆ. ಏಪ್ರಿಲ್ 5 ಮೇ 4 ಆದರೆ ಸಾಲು ಬದಲಾಗುವುದಿಲ್ಲ, ಹಾಗಾಗಿ ತಪ್ಪು ಕಣ್ಣಿಗೂ ಬೀಳುವುದಿಲ್ಲ. 13/04/2025 ಬಂದಾಗ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ಅಕ್ಷರವಾಗಿಯೇ ಉಳಿಯುತ್ತದೆ. ರೋಗ ಪತ್ತೆಯಾಗುವುದೂ ಇಲ್ಲಿಯೇ: ಪ್ರತಿ ತಿಂಗಳ 13ರಿಂದ ಮುಂದಿನ ದಿನಗಳೆಲ್ಲ ಎಡಕ್ಕೆ ನಿಂತು, 12ರವರೆಗಿನವು ಮಾತ್ರ ಬಲಕ್ಕೆ ನಿಂತಿದ್ದರೆ, ಬಲಕ್ಕಿರುವ ದಿನಾಂಕಗಳನ್ನೂ ನಂಬುವಂತಿಲ್ಲ. ಅಂಥ ಕಡತವನ್ನು ಅಲ್ಲಲ್ಲಿ ತಿದ್ದುತ್ತ ಕೂರಬಾರದು. ದಿನ-ತಿಂಗಳು-ವರ್ಷದ ಕ್ರಮ ಇದೆಂದು ಹೇಳಿ ಮೂಲ ಕಡತವನ್ನು ಮತ್ತೊಮ್ಮೆ ತರಿಸಿಕೊಳ್ಳಬೇಕು.

ದಿನಾಂಕ ಬರೆಯದೆ ಖಾಲಿ ಬಿಟ್ಟ ಸಾಲುಗಳು ತಾವಾಗಿ ಸಿಕ್ಕಿಬೀಳುತ್ತವೆ. ಖಾಲಿ ಮನೆಯನ್ನು ಶೀಟು ಸೊನ್ನೆ ಎಂದು ಓದುವುದರಿಂದ ಅದರ ಮುಂದೆ 1899-00 ಎಂದು ಬರುತ್ತದೆ. ಈ ಗುರುತು ಎಲ್ಲಿ ಕಂಡರೂ ಅಲ್ಲಿ ದಿನಾಂಕ ಹಾಕುವುದು ಮರೆತಿದೆ ಎಂದೇ ಅರ್ಥ. ಖಾಲಿ ಮನೆ ಮತ್ತು ಅಕ್ಷರದ ದಿನಾಂಕ ಎರಡನ್ನೂ ಒಟ್ಟಿಗೆ ತಡೆಯಬೇಕಾದರೆ C2ನಲ್ಲಿ ಹೀಗೆ ಬರೆಯಬಹುದು:

```
=IF(ISNUMBER(A2), B2&"-"&RIGHT(B2+1,2), "ದಿನಾಂಕ ನೋಡಿ")
```

ಅದಲುಬದಲಾದ ದಿನಾಂಕವೂ ಸಂಖ್ಯೆಯೇ ಆಗಿರುವುದರಿಂದ ಈ ಕಾವಲು ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಕಣ್ಣಿನ ಪರೀಕ್ಷೆಯೇ ಬೇಕು. ಬ್ಯಾಂಕಿನ ಪಟ್ಟಿಯಲ್ಲಿ ದಿನಾಂಕಗಳು ಕ್ರಮವಾಗಿ ಸಾಗಬೇಕು, ನಡುವೆ ತಿಂಗಳುಗಟ್ಟಲೆ ಹಿಂದೆ ಮುಂದೆ ಹಾರಿದ್ದರೆ ಅಲ್ಲಿ ನಿಲ್ಲಬೇಕು.

ಹಳೆಯ ಲೆಕ್ಕ ಏರಿಸುವವರಿಗೆ ಇನ್ನೊಂದು ತೊಡಕಿದೆ. 2008-09 ಎಂದು ಕೈಯಿಂದ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 2008ರ ಸೆಪ್ಟೆಂಬರ್ ಎಂದು ಓದಿ ದಿನಾಂಕ ಮಾಡಿಬಿಡುತ್ತದೆ. 2000-01ರಿಂದ 2011-12ರವರೆಗಿನ ಎಲ್ಲ ಸಾಲುಗಳಿಗೂ ಈ ಗತಿ ಬರಬಹುದು, ಏಕೆಂದರೆ ಕೊನೆಯ ಎರಡು ಅಂಕಿಗಳನ್ನು ತಿಂಗಳೆಂದು ಓದಲು ಸಾಧ್ಯ. 25ನೇ ತಿಂಗಳು ಇಲ್ಲದ್ದರಿಂದ 2024-25 ಪಾರಾಗುತ್ತದೆ. ಸೂತ್ರದಿಂದ ಬಂದ ಗುರುತಿಗೆ ಶೀಟಿನೊಳಗೆ ಈ ಭಯವಿಲ್ಲ. ಸಿಎಸ್‌ವಿ ಕಡತವಾಗಿ ಉಳಿಸಿ ಮತ್ತೆ ತೆರೆದಾಗ ಮಾತ್ರ ಎಚ್ಚರ ಬೇಕು.

ಹೆಸರಿನ ಗೊಂದಲ

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ FY25 ಎಂದಿದ್ದರೆ ನಮ್ಮಲ್ಲಿ ಅದು 2025ರ ಮಾರ್ಚ್‌ಗೆ ಮುಗಿಯುವ 2024-25. ಜಪಾನಿನ ಸರ್ಕಾರದ ವರ್ಷವೂ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ಆದರೆ ಅಲ್ಲಿ ಶುರುವಾಗುವ ಇಸವಿಯೇ ವರ್ಷದ ಹೆಸರು, ಹಾಗಾಗಿ ಅವರ 2025 ಮುಗಿಯುವುದು 2026ರ ಮಾರ್ಚ್‌ಗೆ. ಎರಡೂ ಇಸವಿಗಳನ್ನು ಹೇಳುವ 2024-25 ಎಂಬ ರೂಪದಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ.

ಆದಾಯ ತೆರಿಗೆಯಲ್ಲಿ ಬೇರೆಯದೇ ತೊಡಕಿತ್ತು. 2024-25ರಲ್ಲಿ ಗಳಿಸಿದ್ದನ್ನು ಮರುವರ್ಷ ಲೆಕ್ಕಹಾಕುವುದರಿಂದ ರಿಟರ್ನ್‌ನಲ್ಲಿ ಅಸೆಸ್‌ಮೆಂಟ್ ವರ್ಷ 2025-26 ಎಂದು ಬರೆಯುತ್ತಿದ್ದರು. ಒಂದೇ ಆದಾಯಕ್ಕೆ ಎರಡು ಗುರುತು. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಆದಾಯ ತೆರಿಗೆ ಕಾಯ್ದೆ ಇದರ ಬದಲು ತೆರಿಗೆ ವರ್ಷ ಎಂಬ ಒಂದೇ ಹೆಸರು ತಂದಿದೆ. ಗಳಿಸಿದ ವರ್ಷವೇ ತೆರಿಗೆ ವರ್ಷ. ಹಳೆಯ ಕಾಗದಗಳಿಂದ ಶೀಟು ತುಂಬಿಸುವವರು ಮಾತ್ರ ಅಲ್ಲಿರುವ ಗುರುತು ಗಳಿಕೆಯ ವರ್ಷದ್ದೋ ಅಸೆಸ್‌ಮೆಂಟ್ ವರ್ಷದ್ದೋ ಎಂದು ನೋಡಿಕೊಳ್ಳಬೇಕು.

ಯಾವ ದಿನಾಂಕ?

ಸೂತ್ರ ಉತ್ತರಿಸಲಾಗದ ಪ್ರಶ್ನೆಯೊಂದು ಉಳಿಯುತ್ತದೆ. ಮಾರ್ಚ್ ತಿಂಗಳ ನೀರಿನ ಟ್ಯಾಂಕರ್ ಬಿಲ್ಲು ಮಾರ್ಚ್ 29ಕ್ಕೆ ಬಂತು, ಸಂಘ ಹಣ ಕೊಟ್ಟದ್ದು ಏಪ್ರಿಲ್ 4ಕ್ಕೆ. ಹಣ ಕೈಬಿಟ್ಟ ದಿನವನ್ನೇ ಹಿಡಿಯುವ ನಗದು ಪದ್ಧತಿಯಲ್ಲಿ ಅದು ಹೊಸ ಸಾಲಿನ ಖರ್ಚು. ಬಾಧ್ಯತೆ ಹುಟ್ಟಿದ ಕಾಲವನ್ನು ಹಿಡಿಯುವ ಪದ್ಧತಿಯಲ್ಲಿ ಹಳೆಯ ಸಾಲಿನದು, ಕೊಡಬೇಕಾದ ಬಾಕಿಯಾಗಿ ಮಾರ್ಚ್ 31ರ ಲೆಕ್ಕದಲ್ಲಿ ಕಾಣಿಸಬೇಕು. ಎರಡೂ ಇರುವ ಪದ್ಧತಿಗಳೇ. ಬಿಲ್ಲಿನ ದಿನಾಂಕವನ್ನೂ ಪಾವತಿಯ ದಿನಾಂಕವನ್ನೂ ಒಂದೇ ಕಾಲಮಿನಲ್ಲಿ ಮನಬಂದಂತೆ ಬೆರೆಸುವುದು ಮಾತ್ರ ತಪ್ಪು. ಎರಡಕ್ಕೂ ಬೇರೆ ಕಾಲಮು ಇಟ್ಟು, ಸಾಲಿನ ಗುರುತು ಯಾವುದರಿಂದ ಬಂದದ್ದೆಂದು ಶೀರ್ಷಿಕೆಯಲ್ಲೇ ಬರೆಯಿರಿ. ಸಂಘದ ಲೆಕ್ಕ ಯಾವ ಪದ್ಧತಿಯಲ್ಲಿದೆ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಂಡು ಅದನ್ನೇ ಅನುಸರಿಸಿ.

ಶೀಟನ್ನು ಇತರರಿಗೆ ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಮೊದಲನೆಯದು, 2024ರ ಮಾರ್ಚ್ 31, ಅದೇ ವರ್ಷದ ಏಪ್ರಿಲ್ 1 ಮತ್ತು ಡಿಸೆಂಬರ್ 31, 2025ರ ಜನವರಿ 1 ಎಂಬ ನಾಲ್ಕು ದಿನಾಂಕಗಳನ್ನು ಸೂತ್ರಕ್ಕೆ ಕೊಡಿ. ಮೊದಲನೆಯದಕ್ಕೆ 2023-24, ಉಳಿದ ಮೂರಕ್ಕೂ 2024-25 ಬರಬೇಕು. ಎರಡನೆಯದು, ಎಲ್ಲ ಸಾಲುಗಳ SUMIF ಮೊತ್ತಗಳನ್ನು ಕೂಡಿ D ಕಾಲಮಿನ ಪೂರ್ತಿ ಮೊತ್ತದೊಂದಿಗೆ ಹೋಲಿಸಿ. ವ್ಯತ್ಯಾಸ ಬಂದರೆ ಅಷ್ಟು ಹಣ ಯಾವ ಸಾಲಿಗೂ ಸೇರದೆ ಹೊರಗುಳಿದಿದೆ, ಅದರ ದಿನಾಂಕ ಹುಡುಕಬೇಕು.