ಹಿಟ್ಟಿನ ಹೆಸರು, ಸಿಗರೇಟಿನ ಲಾಭ

ಆಶೀರ್ವಾದ್ ಗೋಧಿ ಹಿಟ್ಟು, ಸನ್‌ಫೀಸ್ಟ್ ಬಿಸ್ಕತ್ತು, ಕ್ಲಾಸ್‌ಮೇಟ್ ನೋಟ್‌ಬುಕ್, ಮಂಗಲ್‌ದೀಪ್ ಊದುಬತ್ತಿ. ಇವೆಲ್ಲ ಐಟಿಸಿ ಕಂಪನಿಯವು ಎಂದು ಬಹಳ ಜನಕ್ಕೆ ಗೊತ್ತು. ಹಾಗಾದರೆ ಐಟಿಸಿ ಯಾವುದರಿಂದ ಬದುಕುತ್ತಿದೆ? ಅಂಗಡಿಯ ಕಪಾಟು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಉತ್ತರ ಇರುವುದು ಕಂಪನಿಯ ವಾರ್ಷಿಕ ವರದಿಯಲ್ಲಿ, ಅದೂ ಒಂದೇ ಕಡೆಯಲ್ಲಲ್ಲ.

ವರದಿಯ ಮುಂಭಾಗದಲ್ಲಿ ನಿರ್ದೇಶಕರ ಮಂಡಳಿಯ ವರದಿ ಮತ್ತು ವ್ಯವಹಾರದ ವಿವರಣೆ ಇರುತ್ತದೆ. ಕಂಪನಿ ಏನೇನು ಮಾಡುತ್ತದೆ ಎಂದು ತಿಳಿಯಲು ಮೊದಲು ಓದಬೇಕಾದದ್ದು ಇದನ್ನೇ. 2023-24ರ ವರದಿಯಲ್ಲಿ ಐಟಿಸಿ ತನ್ನ ವ್ಯವಹಾರವನ್ನು ಐದು ವಿಭಾಗ ಮಾಡಿ ಹೇಳಿದೆ: ಸಿಗರೇಟು, ದಿನಬಳಕೆಯ ಇತರ ವಸ್ತುಗಳು, ಹೋಟೆಲ್, ಕೃಷಿ ವ್ಯಾಪಾರ, ಕಾಗದ ಮತ್ತು ಪ್ಯಾಕೇಜಿಂಗ್. ಆದರೆ ಇಲ್ಲಿ ಯಾವುದಕ್ಕೆ ಎಷ್ಟು ಪುಟ ಕೊಡಬೇಕೆಂಬುದು ಕಂಪನಿಯದೇ ಆಯ್ಕೆ. ಹಿಟ್ಟು, ಬಿಸ್ಕತ್ತು, ಸಾಬೂನುಗಳ ಹೊಸ ಉತ್ಪನ್ನಗಳ ವರ್ಣನೆ ಧಾರಾಳವಾಗಿದೆ. ಸಿಗರೇಟಿನ ಭಾಗದಲ್ಲಿ ತೆರಿಗೆ ಮತ್ತು ಕಳ್ಳಸಾಗಣೆಯ ಮಾತೇ ಹೆಚ್ಚು. ಪುಟ ಎಣಿಸಿ ವ್ಯಾಪಾರ ಅಳೆದರೆ ಮೋಸ ಹೋಗುತ್ತೀರಿ.

ಆದ್ದರಿಂದ ವಿಭಾಗಗಳ ಹೆಸರು ಗುರುತು ಹಾಕಿಕೊಂಡು ನೇರವಾಗಿ ವರದಿಯ ಹಿಂಭಾಗಕ್ಕೆ, ಲೆಕ್ಕಪತ್ರದ ಟಿಪ್ಪಣಿಗಳಿಗೆ ಹೋಗಿ. ಪಿಡಿಎಫ್‌ನಲ್ಲಿ Segment Reporting ಎಂದು ಹುಡುಕಿದರೆ ಸಾಕು. ಇಂಡ್ ಎಎಸ್ 108 ಎಂಬ ಲೆಕ್ಕಪತ್ರ ನಿಯಮದ ಪ್ರಕಾರ, ಆಡಳಿತ ಮಂಡಳಿ ಒಳಗೊಳಗೆ ವ್ಯವಹಾರವನ್ನು ಹೇಗೆ ವಿಂಗಡಿಸಿ ನೋಡುತ್ತದೋ ಹಾಗೆಯೇ ಹೊರಗಿನವರಿಗೂ ತೋರಿಸಬೇಕು. ಆದಾಯ, ಲಾಭ, ಆಸ್ತಿ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಶೇ 10ರಷ್ಟು ಪಾಲಿರುವ ವಿಭಾಗವನ್ನು ಬೇರೆಯಾಗಿ ಕೊಡದೆ ವಿಧಿಯಿಲ್ಲ.

ಐಟಿಸಿಯ 2023-24ರ ಲೆಕ್ಕ ನೋಡಿ. ಅಂಗಸಂಸ್ಥೆಗಳನ್ನು ಬಿಟ್ಟು, ಕಂಪನಿಯದೇ ಅಂಕಿಗಳಿವು. ಸಿಗರೇಟಿನ ಆದಾಯ ಅಬಕಾರಿ ಸುಂಕವೂ ಸೇರಿ ಸುಮಾರು 30,600 ಕೋಟಿ ರೂಪಾಯಿ. ಹಿಟ್ಟು, ಬಿಸ್ಕತ್ತು, ನೋಟ್‌ಬುಕ್, ಸಾಬೂನು ಎಲ್ಲ ಸೇರಿದ ವಿಭಾಗದ್ದು ಸುಮಾರು 21,000 ಕೋಟಿ. ಇಷ್ಟೇ ನೋಡಿದರೆ ಎರಡೂ ಸರಿಸುಮಾರು ಜೋಡೆತ್ತುಗಳಂತೆ ಕಾಣುತ್ತವೆ. ಅದೇ ಟಿಪ್ಪಣಿಯಲ್ಲಿ ಕೆಳಗೆ, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ವಿಭಾಗವಾರು ಲಾಭ ಇರುತ್ತದೆ. ಸಿಗರೇಟಿನದು ಸುಮಾರು 19,000 ಕೋಟಿ. ಇನ್ನೊಂದರದು 1,800 ಕೋಟಿಯ ಆಸುಪಾಸು. ಅಂದರೆ ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಕಡೆ 62 ರೂಪಾಯಿ ಉಳಿದರೆ ಇನ್ನೊಂದು ಕಡೆ ಉಳಿಯುವುದು ಎಂಟೂವರೆ. ಐದೂ ವಿಭಾಗಗಳ ಲಾಭದಲ್ಲಿ ಮುಕ್ಕಾಲಿಗೂ ಹೆಚ್ಚು ಸಿಗರೇಟಿನಿಂದಲೇ ಬಂದಿದೆ. ಬಜೆಟ್ ದಿನ ತಂಬಾಕು ತೆರಿಗೆಯ ಸುದ್ದಿಗೆ ಈ ಷೇರು ಯಾಕೆ ಬೆಚ್ಚುತ್ತದೆ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಇಲ್ಲೊಂದು ತೊಡಕಿದೆ. ಐದು ವಿಭಾಗಗಳ ಆದಾಯ ಕೂಡಿಸಿದರೆ 78,600 ಕೋಟಿಯಷ್ಟಾಗುತ್ತದೆ, ಆದರೆ ಕಂಪನಿಯ ಒಟ್ಟು ಮಾರಾಟ 69,400 ಕೋಟಿ. ಅಂಕಿ ತಪ್ಪಿಲ್ಲ. ಕೃಷಿ ವಿಭಾಗ ಎಲೆ ತಂಬಾಕನ್ನು ಸಿಗರೇಟಿಗೂ ಗೋಧಿಯನ್ನು ಆಶೀರ್ವಾದ್‌ಗೂ ಕೊಡುತ್ತದೆ. ಕಾಗದ ವಿಭಾಗ ಪೆಟ್ಟಿಗೆ, ಪೊಟ್ಟಣಗಳಿಗೆ ಸರಕು ಕೊಡುತ್ತದೆ. ಮನೆಯೊಳಗಿನ ಈ ಕೊಡುಕೊಳ್ಳುವಿಕೆಯನ್ನು ಟಿಪ್ಪಣಿಯಲ್ಲಿ Inter-segment ಎಂಬ ಅಂಕಣದಲ್ಲಿ ಕಳೆದಿರುತ್ತಾರೆ. ಒಂದು ವಿಭಾಗ ಹೊರಗಿನ ಗಿರಾಕಿಯಿಂದ ಎಷ್ಟು ಗಳಿಸುತ್ತದೆ ಎಂದು ತಿಳಿಯಬೇಕಾದರೆ ಈ ಅಂಕಣವನ್ನು ಬಿಟ್ಟು ಪಕ್ಕದ ಬಾಹ್ಯ ಮಾರಾಟದ ಅಂಕಿಯನ್ನೇ ಹಿಡಿಯಬೇಕು.

ಟಿಪ್ಪಣಿಗೂ ಮಿತಿಯುಂಟು. ಹಿಟ್ಟಿನಲ್ಲಿ ಎಷ್ಟು, ಊದುಬತ್ತಿಯಲ್ಲಿ ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಎಲ್ಲವೂ ಒಂದೇ ಗಂಟು. ಇಂಥ ಕಡೆ ನೆರವಿಗೆ ಬರುವುದು ಬಿಆರ್‌ಎಸ್‌ಆರ್ ಎಂಬ ಭಾಗ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳಿಗೆ ಸೆಬಿ ಇದನ್ನು 2022-23ರಿಂದ ಕಡ್ಡಾಯ ಮಾಡಿದೆ. ಹೆಚ್ಚಿನವರು ಪರಿಸರದ ವಿಷಯವೆಂದು ದಾಟಿಬಿಡುತ್ತಾರೆ. ಆದರೆ ಅದರ ಆರಂಭದಲ್ಲೇ ವಹಿವಾಟಿನ ಶೇ 90 ಭಾಗ ಯಾವ ಯಾವ ಉತ್ಪನ್ನಗಳಿಂದ ಬಂತು ಎಂಬ ಪಟ್ಟಿ, ಶೇಕಡಾವಾರು ಸಮೇತ ಇರುತ್ತದೆ. ಅದೂ ಸ್ಥೂಲವೇ, ಆದರೂ ಗಂಟನ್ನು ಒಂದಿಷ್ಟು ಸಡಿಲಿಸುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ವಿಭಾಗಗಳು ಅವೇ ಇವೆಯೇ ಎಂದು ನೋಡಿ. ಐಟಿಸಿಯ ಹೋಟೆಲ್ ವ್ಯವಹಾರ 2025ರ ಜನವರಿ 1ರಿಂದ ಐಟಿಸಿ ಹೋಟೆಲ್ಸ್ ಎಂಬ ಬೇರೆ ಕಂಪನಿಗೆ ಹೋಯಿತು. ಇಂಥ ಬದಲಾವಣೆಯಾದಾಗ ಹಿಂದಿನ ವರ್ಷದ ಅಂಕಿಗಳನ್ನೂ ಹೊಸದಾಗಿ ಹೊಂದಿಸಿ ಕೊಡುತ್ತಾರೆ. ಹಾಗಾಗಿ ಎರಡೂ ವರ್ಷಗಳ ಅಂಕಿಯನ್ನು ಹೊಸ ವರದಿಯೊಂದರಿಂದಲೇ ತೆಗೆದುಕೊಳ್ಳಿ. ಹಳೆಯ ವರದಿಯದನ್ನು ಇದರ ಪಕ್ಕಕ್ಕಿಟ್ಟು ಹೋಲಿಸಬೇಡಿ.