ಒಂದು ಆನೆ, ಎರಡು ಮೆಶ್

ಪರದೆಯ ಮೇಲೆ ಪುಟ್ಟ ಪುಟ್ಟ ಘನಗಳನ್ನು ಜೋಡಿಸಿ ಆನೆ, ಮನೆ, ಮರ ಕಟ್ಟುವ ಕಲೆಗೆ ವಾಕ್ಸೆಲ್ ಆರ್ಟ್ ಎಂದು ಹೆಸರು. ಚಿತ್ರಕ್ಕೆ ಪಿಕ್ಸೆಲ್ ಹೇಗೋ ಮೂರು ಆಯಾಮದ ಆಕೃತಿಗೆ ವಾಕ್ಸೆಲ್ ಹಾಗೆ. 2014ರಲ್ಲಿ ಬಂದ ಕ್ರಾಸಿ ರೋಡ್ ಆಟದ ಕೋಳಿಯನ್ನು ನೋಡಿದವರಿಗೆ ಈ ಚೌಕಾಕಾರದ ಚೆಲುವು ಪರಿಚಿತ. ಮ್ಯಾಜಿಕಾವಾಕ್ಸೆಲ್ ಎಂಬ ಉಚಿತ ತಂತ್ರಾಂಶವಿದ್ದರೆ ಹೈಸ್ಕೂಲು ಮಕ್ಕಳೂ ಇಂಥದ್ದನ್ನು ಕಟ್ಟಬಲ್ಲರು. ತೊಡಕು ಶುರುವಾಗುವುದು ಆಮೇಲೆ. ಕಟ್ಟಿದ ಆನೆಯನ್ನು ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಲು ಹೋದರೆ ಪ್ರಿಂಟರಿನ ತಂತ್ರಾಂಶ ತಪ್ಪು ತೋರಿಸುತ್ತದೆ. ಆಟದೊಳಗೆ ಇಟ್ಟರೆ ಮೈಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತವೆ.

ಇದಕ್ಕೆ ಕಾರಣವಿದೆ. ಪ್ರಿಂಟರಿಗಾಗಲಿ ಆಟಕ್ಕಾಗಲಿ ಘನಗಳು ಬೇಕಿಲ್ಲ, ಬೇಕಿರುವುದು ಮೆಶ್. ವಾಕ್ಸೆಲ್‌ಗಳು ಗೋಡೆಯ ಇಟ್ಟಿಗೆಗಳಾದರೆ ಮೆಶ್ ಅದರ ಮೇಲಿನ ಗಿಲಾವು. ಒಳಗೆ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ತ್ರಿಕೋನಗಳಿಂದ ಹೊಲಿದ ಹೊರಮೈ ಮಾತ್ರ.

ಪ್ರತಿ ಬದಿಗೂ 16 ವಾಕ್ಸೆಲ್ ಇರುವ ಒಂದು ದೊಡ್ಡ ಘನವನ್ನು ತೆಗೆದುಕೊಳ್ಳಿ. ಅದರಲ್ಲಿ 4,096 ವಾಕ್ಸೆಲ್‌ಗಳಿವೆ. ಪ್ರತಿಯೊಂದರ ಆರೂ ಮುಖಗಳನ್ನು ಬರೆದಿಟ್ಟರೆ 24,576 ಚೌಕಗಳಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎರಡು ವಾಕ್ಸೆಲ್‌ಗಳ ನಡುವೆ ಸಿಕ್ಕಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ಅವನ್ನು ಕೈಬಿಟ್ಟರೆ ಹೊರಮೈಯ 1,536 ಚೌಕಗಳು ಉಳಿಯುತ್ತವೆ. ಒಂದೇ ಬಣ್ಣದ, ಒಂದೇ ಮಟ್ಟದ ಅಕ್ಕಪಕ್ಕದ ಚೌಕಗಳನ್ನು ದೊಡ್ಡ ಆಯತಗಳಾಗಿ ಕೂಡಿಸುತ್ತ ಹೋದರೆ ಕೊನೆಗೆ ಉಳಿಯುವುದು ಆರು ಆಯತ, ಅಂದರೆ 12 ತ್ರಿಕೋನ. ಹೀಗೆ ಕೂಡಿಸುವ ವಿಧಾನವೇ ಗ್ರೀಡಿ ಮೆಶಿಂಗ್. ಎಲ್ಲಿ ಕೂಡಿಸಬೇಕು, ಎಲ್ಲಿ ಕೂಡಿಸಬಾರದು ಎಂಬ ಪ್ರಶ್ನೆಗೆ ಅಚ್ಚಿನ ಉತ್ತರ ಒಂದು, ಆಟದ ಉತ್ತರ ಇನ್ನೊಂದು.

ಒಂದು ಆನೆಯನ್ನೇ ಹಿಡಿದು ನೋಡೋಣ. ಕಾಲು 12 ವಾಕ್ಸೆಲ್, ಮೈ 18 ವಾಕ್ಸೆಲ್, ಒಟ್ಟು ಎತ್ತರ 30. ಒಂದು ವಾಕ್ಸೆಲ್‌ಗೆ 2 ಮಿಲಿಮೀಟರ್ ಎಂದುಕೊಂಡರೆ ಅಚ್ಚಾದ ಆನೆ 60 ಮಿಲಿಮೀಟರ್ ಎತ್ತರವಿರುತ್ತದೆ. ಈ 2 ಮಿಲಿಮೀಟರ್ ಸುಮ್ಮನೆ ಆರಿಸಿದ್ದಲ್ಲ. ಮನೆಗಳಲ್ಲಿ ಬಳಸುವ ಪ್ರಿಂಟರು ಸಾಮಾನ್ಯವಾಗಿ 0.2 ಮಿಲಿಮೀಟರ್ ದಪ್ಪದ ಪದರಗಳನ್ನು ಹಾಕುತ್ತದೆ. ಆಗ ಒಂದು ವಾಕ್ಸೆಲ್‌ಗೆ ಸರಿಯಾಗಿ ಹತ್ತು ಪದರ ಬರುತ್ತದೆ, ಪ್ರತಿ ಮೆಟ್ಟಿಲೂ ಪದರದ ಅಂಚಿನಲ್ಲೇ ಮುಗಿಯುತ್ತದೆ. ಲೆಕ್ಕ ಹೀಗೆ ಕೂಡದಿದ್ದರೆ ಕೆಲವು ಮೆಟ್ಟಿಲು ತುಸು ದಪ್ಪವಾಗಿ, ಕೆಲವು ತುಸು ತೆಳುವಾಗಿ ಮೂಡುತ್ತವೆ.

ಈ ಆನೆಯಲ್ಲಿ ಮೊದಲು ಕೈಕೊಡುವುದು ಸೊಂಡಿಲು. ತಲೆಯಿಂದ ಓರೆಯಾಗಿ ಇಳಿಯಲೆಂದು ಒಂದು ವಾಕ್ಸೆಲ್ ಮುಂದೆ, ಒಂದು ಕೆಳಗೆ ಎಂದು ಇಟ್ಟುಕೊಂಡು ಹೋಗಿರುತ್ತೇವೆ. ಪರದೆಯಲ್ಲಿ ಸೊಂಡಿಲು ಕೂಡಿಕೊಂಡೇ ಕಾಣುತ್ತದೆ. ಆದರೆ ಆ ವಾಕ್ಸೆಲ್‌ಗಳು ಒಂದನ್ನೊಂದು ಮುಟ್ಟಿರುವುದು ಬರೀ ಅಂಚಿನ ಗೆರೆಯಲ್ಲಿ, ಮುಖದಲ್ಲಲ್ಲ. ಗೆರೆಗೆ ದಪ್ಪವಿಲ್ಲ, ಪ್ಲಾಸ್ಟಿಕ್ ಅಲ್ಲಿ ನಿಲ್ಲುವಂತಿಲ್ಲ. ಲೆಕ್ಕಕ್ಕೂ ಇದು ತೊಡಕು. ಸರಿಯಾದ ಮೆಶ್‌ನಲ್ಲಿ ಪ್ರತಿ ಅಂಚನ್ನು ಎರಡೇ ಮುಖಗಳು ಹಂಚಿಕೊಳ್ಳಬೇಕು. ಇಲ್ಲಿ ನಾಲ್ಕು ಮುಖಗಳು ಒಂದೇ ಅಂಚಿಗೆ ಬಂದು ಸೇರುತ್ತವೆ. ಯಾವುದು ಒಳಗು, ಯಾವುದು ಹೊರಗು ಎಂದು ನಿರ್ಧರಿಸಲು ಸ್ಲೈಸರಿಗೆ, ಅಂದರೆ ಆಕೃತಿಯನ್ನು ಪದರ ಪದರವಾಗಿ ಕತ್ತರಿಸುವ ತಂತ್ರಾಂಶಕ್ಕೆ, ದಾರಿಯಿರುವುದಿಲ್ಲ. ಅದು ತೋರಿಸುವ `non-manifold edges` ಎಂಬ ಎಚ್ಚರಿಕೆಗೆ ಎಷ್ಟೋ ಸಲ ಕಾರಣ ಇದೇ.

ಇಂಥ ಜಾಗಗಳನ್ನು ಬ್ಲೆಂಡರ್‌ನಲ್ಲಿ ಸುಲಭವಾಗಿ ಹುಡುಕಬಹುದು. ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆಯ್ದು `Merge by Distance` ಒತ್ತಿ, ಒಂದೇ ಜಾಗದಲ್ಲಿರುವ ಬಿಂದುಗಳನ್ನು ಒಂದಾಗಿಸಬೇಕು. ಬಳಿಕ `Select > All by Trait > Non Manifold` ಕೊಟ್ಟರೆ ತಪ್ಪಿರುವ ಅಂಚುಗಳಷ್ಟೇ ಬೆಳಗುತ್ತವೆ. ಆದರೆ ರಿಪೇರಿಯನ್ನು ಅಲ್ಲಿ ಮಾಡಬೇಡಿ. ತ್ರಿಕೋನಗಳನ್ನು ಒಂದೊಂದಾಗಿ ಬಿಚ್ಚಿ ಹೊಲಿಯುವುದು ತಾಸುಗಟ್ಟಲೆಯ ಕೆಲಸ. ವಾಕ್ಸೆಲ್ ತಂತ್ರಾಂಶಕ್ಕೆ ಮರಳಿ ಸೊಂಡಿಲನ್ನು ಎರಡು ವಾಕ್ಸೆಲ್ ದಪ್ಪ ಮಾಡಿದರೆ, ಪ್ರತಿ ಮೆಟ್ಟಿಲೂ ಹಿಂದಿನದನ್ನು ಮುಖದಲ್ಲಿ ಮುಟ್ಟುತ್ತದೆ. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಒಂದೇ ವಾಕ್ಸೆಲ್ ದಪ್ಪದ ದಂತವನ್ನೂ ಆಗಲೇ ದಪ್ಪಗೊಳಿಸಿ. ಮೆಶ್ ಅದನ್ನು ಒಪ್ಪಿಕೊಂಡರೂ, ಚಾಚಿಕೊಂಡಿರುವ 2 ಮಿಲಿಮೀಟರ್ ಪ್ಲಾಸ್ಟಿಕ್ ಕೈಗೆ ತಾಗಿದರೆ ಮುರಿಯುತ್ತದೆ.

ಅಚ್ಚಿನ ಮೆಶ್‌ನಲ್ಲಿ ಚೌಕಗಳನ್ನು ಕೂಡಿಸುವ ಅಗತ್ಯವೇ ಇಲ್ಲ. ಈ ಆನೆಯ ಹೊರಮೈಯಲ್ಲಿ ಸುಮಾರು ನಾಲ್ಕು ಸಾವಿರ ಚೌಕಗಳಿರಬಹುದು. ಸ್ಲೈಸರಿಗೆ ಅದೊಂದು ಭಾರವಲ್ಲ. ಕೂಡಿಸದೆ ಬಿಟ್ಟರೆ ಪ್ರತಿ ಚೌಕದ ಮೂಲೆಯೂ ಪಕ್ಕದ್ದರ ಮೂಲೆಗೆ ಸರಿಯಾಗಿ ಕೂಡುತ್ತದೆ, ಹೊಲಿಗೆ ಎಲ್ಲೂ ಬಿಡುವುದಿಲ್ಲ. ಇನ್ನುಳಿದದ್ದು ಅಳತೆ ಮತ್ತು ನಿಲುವು. ಮ್ಯಾಜಿಕಾವಾಕ್ಸೆಲ್‌ನ ಓಬಿಜೆ ಕಡತದಲ್ಲಿ, ನಾವು ಬದಲಿಸದಿದ್ದರೆ, ಒಂದು ವಾಕ್ಸೆಲ್ 0.1 ಮಾನವಾಗಿ ಬರುತ್ತದೆ. ಸ್ಲೈಸರು ಅದನ್ನು ಮಿಲಿಮೀಟರ್ ಎಂದೇ ಓದಿದರೆ ಆನೆ 3 ಮಿಲಿಮೀಟರಿನ ಇರುವೆಯಷ್ಟು ಕಾಣುತ್ತದೆ. ಗಾತ್ರವನ್ನು 2000 ಶೇಕಡಾಕ್ಕೆ ಏರಿಸಿದರೆ 60 ಮಿಲಿಮೀಟರ್ ಆಗುತ್ತದೆ. ನಿಲ್ಲಿಸಿ ಅಚ್ಚು ಹಾಕಿದರೆ ಮುಂಗಾಲು ಹಿಂಗಾಲುಗಳ ನಡುವೆ ಹೊಟ್ಟೆಯ ಅಡಿ ಗಾಳಿಯಲ್ಲಿ ತೇಲಬೇಕಾಗುತ್ತದೆ, ಪ್ಲಾಸ್ಟಿಕ್ ಜೋಲುತ್ತದೆ. ವಾಕ್ಸೆಲ್ ಆನೆಯ ಬೆನ್ನು ಸಪಾಟಾಗಿರುವುದರಿಂದ ಬೆನ್ನಿನ ಮೇಲೆ ಮಲಗಿಸಿದರೆ ಕಾಲುಗಳು ನೇರವಾಗಿ ಮೇಲಕ್ಕೆ ಬೆಳೆಯುತ್ತವೆ. ಅದಕ್ಕೆ ತಲೆ ಬೆನ್ನಿನ ಮಟ್ಟವನ್ನು ದಾಟಬಾರದು. ಇದನ್ನು ಕಟ್ಟುವಾಗಲೇ ನೋಡಿಕೊಳ್ಳಬೇಕು.

ಆಟದ ಮೆಶ್‌ನ ಚಿಂತೆ ಬೇರೆ. ನಾಲ್ಕು ಸಾವಿರ ಚೌಕವೆಂದರೆ ಎಂಟು ಸಾವಿರ ತ್ರಿಕೋನ. ಒಂದು ಆನೆಗೆ ಅದು ನಡೆದೀತು. ನೂರು ಆನೆಗಳ ಹಿಂಡನ್ನು ಫೋನಿನಲ್ಲಿ ಓಡಿಸಬೇಕಾದರೆ ಕೂಡಿಸಲೇಬೇಕು. ಆದರೆ ಬಣ್ಣ ಬದಲಾಗುವ ಕಡೆ ಕೂಡಿಸುವಂತಿಲ್ಲ. ಎಂಟಕ್ಕೆ ಎಂಟರ ಬೂದು ಕೆನ್ನೆಯ ನಡುವೆ ಒಂದು ಕಪ್ಪು ಕಣ್ಣಿದೆ ಎನ್ನಿ. 64 ಚೌಕಗಳು ಐದು ಆಯತಗಳಾಗುತ್ತವೆ: ಕಣ್ಣು ಒಂದು, ಸುತ್ತಲಿನ ಬೂದು ನಾಲ್ಕು. ಈಗ ಕಣ್ಣಿನ ಮೂಲೆಗಳು ಪಕ್ಕದ ಉದ್ದ ಆಯತದ ಅಂಚಿನ ನಡುವೆ ಬಂದು ತಾಗುತ್ತವೆ. ಆ ಅಂಚಿನಲ್ಲಿ ಅದಕ್ಕೆ ಜೋಡಿಯಾಗುವ ಬಿಂದುವಿಲ್ಲ. ಚಿತ್ರ ಬಿಡಿಸುವಾಗ ಗ್ರಾಫಿಕ್ಸ್ ಚಿಪ್ ಮಾಡುವ ಸೂಕ್ಷ್ಮ ದುಂಡುಲೆಕ್ಕದಿಂದ ಅಲ್ಲೊಂದು ಪಿಕ್ಸೆಲ್‌ನಷ್ಟು ಬಿರುಕು ಬಿಟ್ಟು ಹಿಂದಿನ ಬೆಳಕು ಇಣುಕುತ್ತದೆ. ಕ್ಯಾಮೆರಾ ಚಲಿಸಿದಾಗ ಮಿನುಗುವ ಚುಕ್ಕಿಗಳು ಇವೇ. ಇಲ್ಲಿ `Merge by Distance` ನೆರವಾಗದು, ಒಂದಾಗಿಸಲು ಎರಡನೆಯ ಬಿಂದುವೇ ಇಲ್ಲವಲ್ಲ. ಹಾಗಾಗಿ ದೂರದ ಹಿಂಡಿಗೆ ಕೂಡಿಸಿದ ಮೆಶ್, ಹತ್ತಿರದಿಂದ ಕಾಣುವ ಮುಖ್ಯ ಪಾತ್ರಕ್ಕೆ ಕೂಡಿಸದ ಮೆಶ್ ಎಂದು ಹಂಚಿಕೊಳ್ಳುವುದು ಲೇಸು.

ಬಣ್ಣದಲ್ಲೂ ಒಂದು ಎಚ್ಚರ ಬೇಕು. ಮೆಶ್‌ನ ಜೊತೆಗೆ 256 ಪಿಕ್ಸೆಲ್ ಉದ್ದ, ಒಂದು ಪಿಕ್ಸೆಲ್ ಎತ್ತರದ ಬಣ್ಣದ ಪಟ್ಟಿಯೊಂದು ಬರುತ್ತದೆ. ಪ್ರತಿ ಮುಖವೂ ಅದರ ಒಂದು ಪಿಕ್ಸೆಲ್‌ನಿಂದ ಬಣ್ಣ ಪಡೆಯುತ್ತದೆ. ಆಟದ ಎಂಜಿನ್ ಚಿತ್ರವನ್ನು ನಯಗೊಳಿಸಲು ಹೋಗಿ ಪಕ್ಕದ ಬಣ್ಣವನ್ನು ಬೆರೆಸಿದರೆ ಬೂದು ಆನೆಗೆ ಹಸಿರು ಛಾಯೆ ಹತ್ತಬಹುದು. ಯೂನಿಟಿಯಲ್ಲಿ ಫಿಲ್ಟರನ್ನು `Point (no filter)` ಎಂದು ಬದಲಿಸಿ, ಕಂಪ್ರೆಷನ್ ಮತ್ತು ಮಿಪ್‌ಮ್ಯಾಪ್ ತೆಗೆದರೆ ಬಣ್ಣ ಶುದ್ಧವಾಗಿ ಉಳಿಯುತ್ತದೆ.

ಇಷ್ಟರಿಂದ ಕೆಲಸದ ಕ್ರಮವೂ ಗೊತ್ತಾಗುತ್ತದೆ. `.vox` ಕಡತವೇ ಮೂಲಪ್ರತಿ. ಆಕಾರದ ತಿದ್ದುಪಡಿಗಳೆಲ್ಲ ಅಲ್ಲೇ ಆಗಬೇಕು. ಅಚ್ಚಿಗೆ ಒಂದು ಮೆಶ್, ಆಟಕ್ಕೆ ಒಂದು ಮೆಶ್ ಅದರಿಂದಲೇ ಹೊರಬರಲಿ. ನಾಳೆ ಸೊಂಡಿಲು ಉದ್ದವಾಗಬೇಕೆಂದರೆ ಎರಡು ಮೆಶ್‌ಗಳನ್ನೂ ತಿದ್ದುತ್ತ ಕೂರಬೇಕಿಲ್ಲ, ಮೂಲದಲ್ಲಿ ನಾಲ್ಕು ವಾಕ್ಸೆಲ್ ಸೇರಿಸಿ ಎರಡನ್ನೂ ಹೊಸದಾಗಿ ತೆಗೆದರಾಯಿತು.