ಗೆಳೆಯರ ಬಳಗಕ್ಕೊಂದು ಎಡವಟ್ಟಿನ ರಾಶಿಫಲ

ಯುಗಾದಿಯ ದಿನ ಪಂಚಾಂಗ ತೆರೆದು ಹನ್ನೆರಡು ರಾಶಿಗಳ ಆಯ-ವ್ಯಯ ಓದುವುದು ವಾಡಿಕೆ. ಅದೇ ಧಾಟಿಯಲ್ಲಿ ಗೆಳೆಯರ ಬಳಗವೂ ತನಗೊಂದು ತಮಾಷೆಯ ವರ್ಷಫಲ ಬರೆದುಕೊಳ್ಳಬಹುದು. ಇಲ್ಲಿ ರಾಶಿಯನ್ನು ಗೊತ್ತುಮಾಡುವುದು ಹುಟ್ಟಿದ ಗಳಿಗೆಯಲ್ಲ, ಹೋದ ವರ್ಷದ ಎಡವಟ್ಟು.

ಬರೆಯಲು ಕೂತವರು ಮೊದಲು ಎಡವುವುದು ಹೊಗಳಿಕೆಯಂಥ ಸಾಲುಗಳಲ್ಲಿ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ನಡೆಸಿ, ಒಬ್ಬೊಬ್ಬರಿಗೂ ‘ನಿಮ್ಮದೇ ವಿವರಣೆ’ ಎಂದು ಒಂದು ಹಾಳೆ ಕೊಟ್ಟರು. ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ! ಅದರ ಸಾಲುಗಳನ್ನು ಫೋರರ್ ಹೆಚ್ಚಾಗಿ ಒಂದು ಜ್ಯೋತಿಷ್ಯ ಪುಸ್ತಕದಿಂದ ಆಯ್ದಿದ್ದರು.

ಹಾಗಾಗಿ ಬರೆದ ಸಾಲನ್ನು ಪಕ್ಕದ ಗೆಳೆಯನಿಗೆ ಹಚ್ಚಿ ನೋಡಬೇಕು. ಅವನಿಗೂ ಒಪ್ಪಿದರೆ ಆ ಸಾಲು ಹೊಡೆದುಹಾಕುವುದೇ ಸರಿ. ‘ಈ ವರ್ಷ ಖರ್ಚು ಹೆಚ್ಚು’ ಎಂಬುದು ಯಾರಿಗೆ ಒಪ್ಪುವುದಿಲ್ಲ? ಅದರ ಬದಲು ಹೀಗೆ ಬರೆದರೆ ಜೀವ ಬರುತ್ತದೆ:

‘ಹೊರಟೆ ರಾಶಿ: ಬೆಳಿಗ್ಗೆ ಆರಕ್ಕೆ ಚಿಕ್ಕಮಗಳೂರಿಗೆ ಹೊರಡುವ ದಿನ ಈ ರಾಶಿಯವರು ಫೋನಿನಲ್ಲಿ “ಹೊರಟೆ ಕಣೋ, ದಾರೀಲಿದೀನಿ” ಎನ್ನುವರು. ಹಿನ್ನೆಲೆಯಲ್ಲಿ ಬಕೆಟ್ ತುಂಬುವ ಸದ್ದು ಕೇಳಿಸುವುದು. ಆಯ 2, ವ್ಯಯ 11. ಪರಿಹಾರ: ಇವರಿಗೆ ಹೊರಡುವ ಹೊತ್ತನ್ನು ಐದೂಕಾಲು ಎಂದೇ ತಿಳಿಸತಕ್ಕದ್ದು.’

ಈ ಭವಿಷ್ಯ ಫಲಿಸುವುದಕ್ಕೆ ಗಟ್ಟಿಯಾದ ಕಾರಣವಿದೆ. 1994ರಲ್ಲಿ ಪ್ರಕಟವಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಸುತ್ತೇವೆ ಎಂದಿದ್ದರು. ಎಲ್ಲವೂ ಕೈಕೊಟ್ಟರೂ 49 ದಿನ ಸಾಕು ಎಂಬ ಅಂದಾಜೂ ಅವರದೇ. ಹಿಡಿದದ್ದು 55 ದಿನಕ್ಕೂ ಹೆಚ್ಚು. ತನ್ನ ಕೆಲಸದ ಲೆಕ್ಕ ಹಾಕುವವನ ಕಣ್ಣ ಮುಂದೆ ಮುಂದಿನ ಯೋಜನೆಯಷ್ಟೇ ಇರುತ್ತದೆ. ಹಿಂದೆ ಎಷ್ಟು ಸಲ ತಡವಾಯಿತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತ ಗೆಳೆಯನಿಗೆ ಆ ಹಿಂದಿನದೆಲ್ಲ ಚೆನ್ನಾಗಿ ನೆನಪಿರುತ್ತದೆ.

ಆದರೆ ಗೆಳೆಯರ ಲೆಕ್ಕವೂ ತಪ್ಪದಿರುವುದಿಲ್ಲ. ಅದೇ ಸಂಶೋಧಕರು ಹೊರಗಿನವರಿಂದ ಅಂದಾಜು ಕೇಳಿದಾಗ, ಅವರು ನಿಜಕ್ಕಿಂತ ಹೆಚ್ಚು ತಡವಾಗುತ್ತದೆ ಎನ್ನುವ ಕಡೆಗೇ ವಾಲಿದ್ದರು. ಒಂದೇ ಸಲ ಆದ ಪ್ರಮಾದವನ್ನು ರಾಶಿಯ ಗುಣ ಮಾಡಬಾರದು. ಮೂರು ನಾಲ್ಕು ಸಲ ಮರುಕಳಿಸಿದ್ದನ್ನೇ ಆರಿಸಬೇಕು: ಪ್ರತಿ ಜನವರಿಯಲ್ಲಿ ಜಿಮ್‌ಗೆ ಇಡೀ ವರ್ಷದ ಹಣ ಕಟ್ಟಿ ಶಿವರಾತ್ರಿಯ ಹೊತ್ತಿಗೆ ದಾರಿ ಮರೆಯುವುದು, ಹೋಟೆಲಿನಲ್ಲಿ “ನಂಗೇನೂ ಬೇಡಪ್ಪ” ಎಂದು ಪಕ್ಕದವರ ಮಸಾಲೆದೋಸೆಗೆ ಕೈಹಾಕುವುದು, ಇಂಥವು. ಮದುವೆ, ಸಾಲ, ಕಾಯಿಲೆ, ಕಳೆದುಕೊಂಡ ಕೆಲಸ ಈ ಪಟ್ಟಿಗೆ ಸೇರಬಾರದು. ಓದುವಾಗ ಮೊದಲು ನಗಬೇಕಾದವರು ಆ ರಾಶಿಯವರೇ. ಅವರ ಮುಖ ಸಪ್ಪಗಾಯಿತೆಂದರೆ ಆ ಸಾಲನ್ನು ಅಲ್ಲಿಗೇ ಬಿಟ್ಟು ಮುಂದಿನ ರಾಶಿಗೆ ಹೋಗಬೇಕು.